ಬ್ಯಾಂಕ್ ಬಡ್ಡಿ ತಾಳೆ ಆಗ್ತಿಲ್ಲ ಅಂತ ಇನ್‌ಕಮ್ ಟ್ಯಾಕ್ಸ್ ನೋಟಿಸ್: ನಿಮಗೆ ಬಂದಿತ್ತಾ?

ಕೇಳಿದವರು: ಮೊದಲ ಸಲ ನೋಟಿಸ್ ಬಂದಿದೆ. 2023-24ರಲ್ಲಿ ನಾನು ತೋರಿಸಿದ ಬಡ್ಡಿ 6,300, ಬ್ಯಾಂಕ್ ಕೊಟ್ಟ ಲೆಕ್ಕ 58,000 ಅಂತಿದೆ. ಎಫ್‌ಡಿ ಇನ್ನೂ ಮೆಚೂರ್ ಆಗಿಲ್ಲ, ಕೈಗೆ ಒಂದು ರೂಪಾಯಿ ಬಂದಿಲ್ಲ. ಏನು ಮಾಡಲಿ?

ಹಾಸನದ ಮೇಷ್ಟ್ರು: ನನಗೂ ಅದೇ ವರ್ಷದ್ದೇ ಬಂತು. 6 ಲಕ್ಷದ ಎಫ್‌ಡಿ, ಬಡ್ಡಿ ಅದರಲ್ಲೇ ಸೇರುವ ಥರದ್ದು. ದುಡ್ಡು ಬಂದಾಗ ತೋರಿಸೋಣ ಅಂತ ಬಿಟ್ಟಿದ್ದೆ. ನಮ್ಮ ಪ್ಯಾನ್‌ಗೆ ಹಿಡಿದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದರೆ ಮೂರು ತಿಂಗಳಿಗೊಂದರಂತೆ ನಾಲ್ಕು ಸಾಲು. ಒಟ್ಟು 44,000 ಬಡ್ಡಿ, ಬ್ಯಾಂಕ್ ಮೊದಲೇ ಹಿಡಿದ ತೆರಿಗೆ, ಅಂದ್ರೆ ಟಿಡಿಎಸ್, 4,400. ಎಫ್‌ಡಿ ರಸೀದಿ ಬೀರುವಿನಲ್ಲೇ ಇತ್ತು, ಬ್ಯಾಂಕ್ ಮಾತ್ರ ಪ್ರತಿ ವರ್ಷ ಲೆಕ್ಕ ಕಳಿಸುತ್ತಲೇ ಇತ್ತು. ನನ್ನದು 20% ಸ್ಲ್ಯಾಬ್, ಸೆಸ್ ಸೇರಿ ತೆರಿಗೆ 9,152. ಟಿಡಿಎಸ್ ಕಳೆದರೆ 4,752. ಡಿಸೆಂಬರ್ 31 ದಾಟಿತ್ತು, ಹಾಗಾಗಿ ರಿವೈಸ್ಡ್ ರಿಟರ್ನ್ ಹಾಕಲು ಆಗಲಿಲ್ಲ. ತಡವಾಗಿ ಸರಿಪಡಿಸುವ ರಿಟರ್ನ್ ಐಟಿಆರ್-ಯು ಹಾಕಿದೆ. ಅದಕ್ಕೆ 25% ಜಾಸ್ತಿ, ಅಂದ್ರೆ 1,188. ಒಟ್ಟು 5,940 ಕಟ್ಟಿದೆ. ಆ 1,188 ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಮ್ಮ ಆದಾಯದ ಬಗ್ಗೆ ಇಲಾಖೆಗೆ ಬಂದ ಮಾಹಿತಿ ತೋರಿಸುವ ಎಐಎಸ್ ಪಟ್ಟಿಯನ್ನು ನವೆಂಬರ್‌ನಲ್ಲೇ ನೋಡಿದ್ದರೆ ಉಳಿಯುತ್ತಿತ್ತು.

ಶಿವಮೊಗ್ಗ ಗೆಳೆಯ: ಇಷ್ಟೆಲ್ಲ ಯಾಕೆ ಕಟ್ಟಿದಿರಿ? ಬ್ಯಾಂಕ್ ಟಿಡಿಎಸ್ ಹಿಡಿದ ಮೇಲೆ ಮುಗೀತು. 40,000ದ ಒಳಗಿದ್ದರೆ ತೆರಿಗೆಯೇ ಇಲ್ಲ. ನಾನು ಎಐಎಸ್‌ನಲ್ಲಿ "Information is denied" ಒತ್ತಿದೆ. ಒಂದೂವರೆ ವರ್ಷ ಆಯ್ತು, ಯಾರೂ ಕೇಳಿಲ್ಲ.

ನಿವೃತ್ತ ಬ್ಯಾಂಕ್ ನೌಕರ: ದಯವಿಟ್ಟು ಹೊಸಬರಿಗೆ ಇದನ್ನು ಹೇಳಬೇಡಿ. ಆ 40,000 ಇದ್ದದ್ದು ಬ್ಯಾಂಕ್ ಟಿಡಿಎಸ್ ಹಿಡಿಯಬೇಕೋ ಬೇಡವೋ ಅನ್ನೋದಕ್ಕೆ. ಅದಕ್ಕಿಂತ ಕಡಿಮೆ ಬಡ್ಡಿಯೂ ಆದಾಯವೇ. ಟಿಡಿಎಸ್ 10%, ನಿಮ್ಮ ಸ್ಲ್ಯಾಬ್ 20 ಆದರೆ ಉಳಿದದ್ದು ನೀವೇ ಕಟ್ಟಬೇಕು. ನೀವು ಇಲ್ಲ ಅಂದರೆ ಆ ಮಾತು ಬ್ಯಾಂಕಿಗೆ ವಾಪಸ್ ಹೋಗಬಹುದು. ಕೌಂಟರ್‌ನಲ್ಲಿ ಕೂತು ನಾನೇ ನೋಡಿದ್ದೇನೆ. ಬ್ಯಾಂಕ್ ಖಾತೆ ತೆಗೆದು "ಸರಿಯಾಗಿದೆ" ಅಂದರೆ ನಿಮ್ಮ ಮಾತು ಬಿದ್ದುಹೋಗುತ್ತದೆ. ಒಂದೇ ಬಡ್ಡಿ ಎರಡು ಸಲ ಬಂದಿದ್ದರೆ ಅಥವಾ ಬೇರೆಯವರ ಪ್ಯಾನ್‌ದಾದರೆ ಅದನ್ನೇ ಆರಿಸಿ. ಸುಮ್ನೆ ಇಲ್ಲ ಅನ್ನಬೇಡಿ.

ಶಿವಮೊಗ್ಗ ಗೆಳೆಯ: ಬ್ಯಾಂಕಿನವರು ತಪ್ಪು ಹಾಕೋದೇ ಇಲ್ವಾ ಸರ್?

ನಿವೃತ್ತ ಬ್ಯಾಂಕ್ ನೌಕರ: ಹಾಕ್ತಾರೆ. ಅದಕ್ಕೇ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತೆಗೆದುಕೊಂಡು ಸಾಲುಸಾಲಾಗಿ ಹೋಲಿಸಿ ಅನ್ನೋದು.

ಕುಂದಾಪ್ರದ ಮಗಳು: ನನ್ನದು ಬೇರೆ ಕತೆ. ಅಮ್ಮನ ದುಡ್ಡು, ಜಂಟಿ ಎಫ್‌ಡಿ, ಮೊದಲ ಹೆಸರು ನನ್ನದು. ಅಮ್ಮನಿಗೆ ನಡೆಯೋಕೆ ಆಗಲ್ಲ ಅಂತ ಹಾಗೆ ಮಾಡಿದ್ದು. ಬಡ್ಡಿ ಪೂರ್ತಿ ನನ್ನ ಪ್ಯಾನ್‌ಗೆ ಬಂತು. ಆಡಿಟರ್ 3,500 ತೆಗೆದುಕೊಂಡು "ನಿಮ್ಮದೇ ಅಂತ ತೋರಿಸಿ" ಅಂದರು. 30% ಕಟ್ಟಿದೆ. ಅಮ್ಮನ ಲೆಕ್ಕದಲ್ಲಿ ಒಂದು ಪೈಸೆ ತೆರಿಗೆಯೂ ಬರುತ್ತಿರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರ: ತಂಗಿ, ದುಡ್ಡು ಅಮ್ಮನದೇ ಅಂತ ತೋರಿಸೋ ದಾಖಲೆ ಇದ್ದರೆ ಬಡ್ಡಿ ಅವರ ಆದಾಯ. ಬ್ಯಾಂಕಿಗೆ ಡಿಕ್ಲರೇಷನ್ ಕೊಟ್ಟರೆ ಟಿಡಿಎಸ್ ಕೂಡ ಅವರ ಪ್ಯಾನ್‌ಗೆ ಹಾಕಬಹುದು, ನಿಯಮ ಇದೆ. ಬ್ರಾಂಚ್‌ನಲ್ಲಿ ಬಹಳ ಜನಕ್ಕೆ ಇದು ಗೊತ್ತಿರೋದಿಲ್ಲ.

ಕುಂದಾಪ್ರದ ಮಗಳು: ಅದನ್ನು ಆಡಿಟರ್ ಹೇಳಬೇಕಿತ್ತು ಅಲ್ವಾ? 3,500 ಯಾಕೆ ಕೊಟ್ಟೆ ನಾನು?

ಧಾರವಾಡದವ: ಎಲ್ಲಾ ಆಡಿಟರ್‌ಗಳನ್ನೂ ಬೈಯಬ್ಯಾಡ್ರಿ. ನಾನೂ ಅದೇ ಕೆಲಸ ಮಾಡ್ತೀನಿ. ಕಾಗದ ತೋರಿಸದೆ ಫೋನ್‌ನಲ್ಲಿ ಕೇಳಿದರೆ ಯಾರಾದರೂ ಹಂಗೇ ಹೇಳ್ತಾರ.

ಇನ್ನೊಂದು. ದುಡ್ಡು ಬಂದಾಗ ತೋರಿಸೋದು ತಪ್ಪಲ್ಲ, ಮೇಷ್ಟ್ರೇ. ವ್ಯವಹಾರ ಇಲ್ಲದವರು ಆ ಪದ್ಧತಿ ಇಟ್ಟುಕೊಳ್ಳಬಹುದು, ಆದರ ಪ್ರತಿ ವರ್ಷ ಅದನ್ನೇ ನಡೆಸಬೇಕು. ನೀವು ಸುಮ್ಮನೆ ಹೆದರಿ ಕಟ್ಟಿದಿರಿ.

ಹಾಸನದ ಮೇಷ್ಟ್ರು: ಹೆದರಿ ಅಲ್ಲ, ಲೆಕ್ಕ ಹಾಕಿ ಕಟ್ಟಿದೆ. 5 ಲಕ್ಷ 7%ಗೆ 5 ವರ್ಷ ಇಟ್ಟರೆ ಕೊನೆಯ ವರ್ಷ ಒಟ್ಟಿಗೆ 2 ಲಕ್ಷದ ಮೇಲೆ ಬಡ್ಡಿ ಬರುತ್ತದೆ. ನಾನು 20ರಿಂದ 30ಕ್ಕೆ ಜಿಗಿದರೆ ಯಾರು ಕೊಡ್ತಾರೆ? ಅಲ್ಲಿಯವರೆಗೆ ಐದು ವರ್ಷದ ಟಿಡಿಎಸ್ ಮುಂದಕ್ಕೆ ಎಳೆಯಬೇಕು. ವರ್ಷ ವರ್ಷ ಪೋರ್ಟಲ್‌ಗೆ ಉತ್ತರ ಬೇರೆ ಕೊಡಬೇಕು.

ಧಾರವಾಡದವ: ಟಿಡಿಎಸ್ ಮುಂದಕ್ಕೆ ಒಯ್ಯೋಕೆ ರಿಟರ್ನ್‌ನಲ್ಲೇ ಜಾಗ ಐತಿ. ನನ್ನ ಮೂವರು ಗಿರಾಕಿಗಳಿಗೆ ಹಂಗೇ ಮಾಡೀನಿ.

ನಿವೃತ್ತ ಬ್ಯಾಂಕ್ ನೌಕರ: ಇಬ್ಬರೂ ಒಂದು ಬಿಟ್ಟಿರಿ. ಕೇಳಿದವರು ಆ ವರ್ಷದ ಟಿಡಿಎಸ್ ಕ್ಲೇಮ್ ಮಾಡಿದ್ದಾರಾ? ಟಿಡಿಎಸ್ ತೆಗೆದುಕೊಂಡು ಬಡ್ಡಿ ಬಿಟ್ಟಿದ್ದರೆ "ಇನ್ನೂ ಬಂದಿಲ್ಲ" ಅನ್ನೋ ಉತ್ತರ ನಿಲ್ಲೋದಿಲ್ಲ.

ಕೇಳಿದವರು: ಈಗ ನೋಡಿದೆ. 5,170 ಟಿಡಿಎಸ್ ತಾನಾಗೇ ಬಂದು ಕೂತಿತ್ತು, ಹಾಗೇ ಕ್ಲೇಮ್ ಮಾಡಿ ರೀಫಂಡ್ ತಗೊಂಡಿದ್ದೀನಿ.

ಶಿವಮೊಗ್ಗ ಗೆಳೆಯ: ಆದರೂ ನನ್ನನ್ನು ಯಾರೂ ಕೇಳಿಲ್ಲ.

ಹಾಸನದ ಮೇಷ್ಟ್ರು: ನಿಮ್ಮ ಎಫ್‌ಡಿಗೆ ಟಿಡಿಎಸ್ ಹಿಡಿದಿದ್ದರಾ, ಮೊದಲು ಅದನ್ನು ಹೇಳಿ.