ಅಪ್‌ಡೇಟ್: ಆ್ಯಡ್ಸ್‌ನಲ್ಲಿ 61, ಅನಲಿಟಿಕ್ಸ್‌ನಲ್ಲಿ 43, ಕಾರಣ ಸಿಕ್ತು

ನಾನ್ ಕೇಳಿದ್ದು: ಡೊಂಬಿವ್ಲಿಯಿಂದ ಇಳಕಲ್ ಸೀರೆ ಮಾರ್ತೀವಿ, ಒಂದೇ ವಾರಕ್ಕೆ ಗೂಗಲ್ ಆ್ಯಡ್ಸ್ 61 ಆರ್ಡರ್ ಅನ್ನುತ್ತೆ, ಅದೇ ಆ್ಯಡ್‌ಗಳಿಗೆ ಅನಲಿಟಿಕ್ಸ್ 43 ಅನ್ನುತ್ತೆ, ಯಾವುದನ್ನ ನಂಬೋದು?

ಟ್ಯಾಗ್‌ನಲ್ಲಿ `transaction_id` ಇದೆಯಾ ನೋಡಿ ಅಂದವರ ಮಾತೇ ನಿಜ ಆಯ್ತು, ಅವರಿಗೆ ದೊಡ್ಡ ಥ್ಯಾಂಕ್ಸ್. ಅನಲಿಟಿಕ್ಸ್‌ಗೆ ಆರ್ಡರ್ ನಂಬರ್ ಹೋಗ್ತಿತ್ತು, ಆ್ಯಡ್ಸ್ ಟ್ಯಾಗ್‌ನಲ್ಲಿ ಆ ಜಾಗ ಖಾಲಿ. ನಮ್ ಗಿರಾಕಿಗಳು ಯುಪಿಐ ಕಟ್ಟಿ, ಸಂಜೆ ಮನೇಲಿ ತೋರ್ಸೋಕೆ ಅಂತ ಥ್ಯಾಂಕ್ಯೂ ಪೇಜ್ ಮತ್ತೆ ತೆಗೀತಾರೆ, ತೆಗೆದಾಗೆಲ್ಲ ಆ್ಯಡ್ಸ್‌ನಲ್ಲಿ ಹೊಸ ಆರ್ಡರ್! ನಂಬರ್ ಕಳಿಸಿದ ಮೇಲೆ ಮುಂದಿನ ವಾರ ಆ್ಯಡ್ಸ್‌ನಲ್ಲಿ 46, ಅನಲಿಟಿಕ್ಸ್‌ನಲ್ಲಿ 43. ಹಳೇ ಲೆಕ್ಕ ಮಾತ್ರ ಹಾಗೇ ಉಳಿಯುತ್ತೆ, ಸರಿಯಾಗಲ್ಲ.

ಕೌಂಟ್ ಸೆಟ್ಟಿಂಗ್ `One` ಮಾಡಿ ಅನ್ನೋ ಸಲಹೆ ನಮಗೆ ಆಗ್ಲಿಲ್ಲ, ಯಾಕಂದ್ರೆ ಆಗ ಒಂದು ಕ್ಲಿಕ್‌ಗೆ ಒಂದೇ ಆರ್ಡರ್ ಲೆಕ್ಕ, ಅಕ್ಕನಿಗೊಂದು ಸೀರೆ ತಗೊಂಡು, ಮತ್ತೆ ಆ್ಯಡ್ ಕ್ಲಿಕ್ ಮಾಡ್ದೆ ಮರುದಿನ ಅತ್ತೆಗೆ ಇನ್ನೊಂದು ತಗೊಂಡ್ರೆ ಆ ನಿಜವಾದ ಎರಡನೇ ಆರ್ಡರೂ ಲೆಕ್ಕಕ್ಕೆ ಬರಲ್ಲ.

ನಂಗೆ ಗೊತ್ತೇ ಇರದಿದ್ದ ವಿಷ್ಯ: ಆ್ಯಡ್ಸ್ ಆರ್ಡರನ್ನ ಕ್ಲಿಕ್ ಮಾಡಿದ ದಿನಕ್ಕೆ ಬರೆಯುತ್ತೆ, ಅನಲಿಟಿಕ್ಸ್ ಕೊಂಡ ದಿನಕ್ಕೆ. ಶನಿವಾರ ಕ್ಲಿಕ್, ಮಂಗಳವಾರ ಖರೀದಿ ಅಂದ್ರೆ ವಾರಾನೇ ಬದಲು. `Conversions (by conv. time)` ಕಾಲಮ್ ಹಾಕಿ ನೋಡಿದ್ರೆ ಆ್ಯಡ್ಸ್‌ನಲ್ಲಿ ಆ 46ರ ಬದಲು 44 ಬಂತು.