ಟಿಬಿ ಗುಳಗಿ ಬಗ್ಗೆ ಓಣ್ಯಾಗ ಮಾತಾಡೋದೈತಿ, ಸ್ಕ್ರಿಪ್ಟ್ ನೋಡಿ ಹೇಳ್ರಿ

ಇಳಕಲ್ ಹುಡುಗಿ: ನೇಕಾರ ಓಣ್ಯಾಗ ಹತ್ತು ನಿಮಿಷ ಮಾತಾಡ್ಬೇಕ್ರಿ. "6 ತಿಂಗಳ ಗುಳಗಿ ತಪ್ಪದ ತಗೋರಿ, ನಡುವ ಬಿಟ್ರ ಸಾಯ್ತೀರಿ" ಅಂತ ಚಾಲೂ ಮಾಡೇನಿ. ಇಷ್ಟ ಸಾಕೇನ್ರಿ?

ದವಾಖಾನಿ ಅಕ್ಕ: "ಸಾಯ್ತೀರಿ" ತೆಗಿ ತಂಗಿ. ಮಂದಿ ಗುಳಗಿ ಬಿಡೋದು ಅಂಜಿಕಿ ಇಲ್ಲಂತಲ್ಲ, ಆರಾಮಾತು ಅಂತ. 2 ತಿಂಗಳ ಮುಗಿಯೂದ್ರಾಗ ಕೆಮ್ಮ ಜ್ವರ ಹೋಗಿರ್ತಾವ, ರೊಟ್ಟಿ ಸೇರಾಕತ್ತಿರ್ತೈತಿ, ಕಫಾನೂ ನೆಗೆಟಿವ್ ಬಂದಿರ್ತೈತಿ, ಸರಿಯಾಗಿ ಅದ ಹೊತ್ತಿಗೆ 4 ಔಷಧ ಕೂಡಿದ್ದ ಗುಳಗಿ ಹೋಗಿ 3 ಔಷಧದ್ದು ಬರ್ತೈತಿ, "ನೋಡು, ಡಾಕ್ಟ್ರ ಕಮ್ಮಿ ಮಾಡ್ಯಾರ, ರೋಗ ಹೋತು" ಅಂತಾರ. ಜೋರ ಬೆಳಿಯೋ ಹುಳ ಮೊದಲ ಸಾಯ್ತಾವ, ನಿದ್ದಿ ಹೊಡಿಯಾವು ಉಳಿತಾವ, ಮುಂದಿನ 4 ತಿಂಗಳು ಅವಕ್ಕ. ನಿನ್ನ ಮಾತು ಮೂರನೇ ತಿಂಗಳಿಂದ ಚಾಲೂ ಮಾಡು.

ಮುಧೋಳ ಮಾಮಾ: ಒಂದು ದಿನ ತಪ್ಪಿದ್ರೂ ಮತ್ತ ಒಂದನೇ ದಿನದಿಂದ ಶುರು ಮಾಡ್ಬೇಕಲ್ರಿ? ಅದನ್ನೂ ಬರೀರಿ.

ದವಾಖಾನಿ ಅಕ್ಕ: ಹಂಗ ಹೇಳಿದ್ರ ಒಂದು ದಿನ ತಪ್ಪಿದಾಂವ "ಹೋತಲ್ಲ ಎಲ್ಲಾ" ಅಂತ ಪೂರಾನ ಬಿಡ್ತಾನ ಮಾಮಾ. ಒಂದೆರಡು ದಿನ ತಪ್ಪಿದ್ರ ಅಷ್ಟು ದಿನ ಕೊನಿಗೆ ಕೂಡಸ್ತಾರ, ಮರುದಿನ ಡಬಲ್ ನುಂಗಬಾರದು ಅಷ್ಟ. ತಿಂಗಳಗಟ್ಟಲೆ ಬಿಟ್ರ ಮಾತ್ರ ನೀವಂದಂಗ ಮತ್ತ ಮೊದಲಿಂದ ಶುರು ಮಾಡೋದು ಬರಬಹುದು.

ಗೋಕಾಕ ಕಡಿಯಾಂವ: ನಮ್ಮ ತಮ್ಮಂದು ಅದ ಆಗಿದ್ದು. 46 ಕಿಲೋ ಇದ್ದ, ದಿನಾ 3 ಗುಳಗಿ. ಮೂರನೇ ತಿಂಗಳಾಗ 4 ಕಿಲೋ ಏರಿದ, ಕಬ್ಬ ಕಡಿಯೋ ಗ್ಯಾಂಗ್ ಜೋಡಿ ಕೊಲ್ಲಾಪುರ ಕಡೆ ಹೋದ, ಕೈಯಾಗಿದ್ದ ಗುಳಗಿ ಮುಗದ್ವು, ಅಲ್ಲಿ ಕೇಳಾಕ ನಾಚಿಕಿ, ಐದು ವಾರ ಏನೂ ಇಲ್ಲ. ಯುಗಾದಿಗೆ ಬಂದಾಗ ಮತ್ತ ಕೆಮ್ಮ. ಕಫ ಮಷೀನಿಗೆ ಹಾಕಿ ಟಿಬಿ ಮುಖ್ಯ ಔಷಧ ರಿಫಾಂಪಿಸಿನ್ ನಾಟತೈತೋ ಇಲ್ಲೋ ನೋಡಿದ್ರು. ಪುಣ್ಯಕ್ಕ ನಾಟತಿತ್ತು, ಮತ್ತ ಹೊಸದಾಗಿ 6 ತಿಂಗಳು.

ದವಾಖಾನಿ ಅಕ್ಕ: ಇದನ್ನ ಹೆಸರಿಲ್ಲದ ಹೇಳು ತಂಗಿ. ಹೋಗೋ ಮೊದಲ ಹೇಳಿದ್ರ ಟಿಬಿ ಪೇಷಂಟಿಗೆ ಸರಕಾರ ಕೊಡೋ ನಿಕ್ಷಯ ನಂಬರ್ ಮ್ಯಾಲ ಹೋದ ಊರಾಗ ಗುಳಗಿ ಸಿಗ್ತಾವ, ಮಹಾರಾಷ್ಟ್ರದಾಗೂ. ಉಚ್ಚಿ ಕೆಂಪಾದ್ರ ಅಂಜಬ್ಯಾಡ್ರಿ, ಅದು ಔಷಧದ ಬಣ್ಣ ಅಂತನೂ ಹೇಳು. ಕಣ್ಣು ಹಳದಿ ಆಗಿ ವಾಂತಿ ಚಾಲೂ ಆದ್ರ ಮಾತ್ರ ಗುಳಗಿ ನಿಲ್ಲಿಸಿ ಅವತ್ತ ದವಾಖಾನಿಗೆ ಬರ್ಬೇಕು.

ಬಿಜಾಪುರ ಟೀ ಪಾಯಿಂಟ್: ಅದೆಲ್ಲಾ ಸರಿ, ಟಿಬಿ ಇದ್ದಾವ್ರ ಊಟಕ್ಕ ಸರಕಾರ ಕೊಡೋ ತಿಂಗಳ 1000 ರೂಪಾಯಿ ನಮ್ಮ ಕಾಕಾನ ಖಾತೆಕ್ಕ ಬಂದಿಲ್ಲ, ಯಾರನ್ನ ಕೇಳಬೇಕು?

ಇಳಕಲ್ ಹುಡುಗಿ: ಕಾಕಾರ ಗುಳಗಿ ಕೊಡೋರನ್ನ ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ ಕೇಳ್ರಿ ಅಣ್ಣಾ. ಅಕ್ಕಾರ, ಮೂರನೇ ತಿಂಗಳಿಂದನ ಬರದೆ. ಇನ್ನೊಂದು, ಗುಣ ಆದೊಬ್ಬಾಕಿನ್ನ ಕರದು ಮಾತಾಡಸ್ಲೇನ್ರಿ?

ಮುಧೋಳ ಮಾಮಾ: ಕರೀವಾ, ಅದಕ್ಕಿಂತ ಬೇಕೇನು.

ದವಾಖಾನಿ ಅಕ್ಕ: ಲಗ್ನ ಆಗದ ಹುಡುಗಿ ಇದ್ರ ನಾ ಒಲ್ಲೆ ಅಂತೀನಿ. ಆಕಿನ್ನ ಕೇಳು ಮೊದಲ.

ಇಳಕಲ್ ಹುಡುಗಿ: ಆಕಿ ಹ್ಞೂಂ ಅಂದಾಳ್ರಿ. ಅವರವ್ವ ಒಲ್ಲೆ ಅಂತಾಳ.