ವೈವಾಕ್ಕೆ 30 ನಿಮಿಷ: ಐದು ಅಧ್ಯಾಯವನ್ನು ಹೇಗೆ ಇಳಿಸುವುದು?

ಪ್ರಶ್ನೆ (ಸಂಶೋಧಕಿ, ಉಡುಪಿ): ಸರ್, ಮುಂದಿನ ತಿಂಗಳು ನನ್ನ ಪಿಎಚ್‌ಡಿ ವೈವಾ. ವಿಷಯ ಉದ್ಯಾವರ, ಮಟ್ಟು ಕಡೆಯ ಬಾವಿಗಳಿಗೆ ಉಪ್ಪುನೀರು ನುಗ್ಗುವುದು. ಅಧ್ಯಾಯಕ್ಕೆ ಆರು ನಿಮಿಷದಂತೆ ಹಂಚಿದ್ದೇನೆ, ಸ್ಲೈಡ್ 58 ಆಗಿದೆ. ಏನು ಬಿಡಲಿ? ಏನು ಕೇಳಬಹುದು?

ನಿವೃತ್ತ ಗೈಡ್, ಮಂಗಳೂರು: ಅಧ್ಯಾಯದ ಲೆಕ್ಕ ಬಿಡಿ. ಪರೀಕ್ಷಕರು ಥೀಸಿಸ್ ಓದಿಯೇ ಬರುತ್ತಾರೆ, ಅವರಿಗೆ ಬೇಕಾದದ್ದು ನೀವು ಕಂಡುಕೊಂಡದ್ದು. ಸಮಸ್ಯೆಗೆ 4 ನಿಮಿಷ, ಹಿಂದಿನವರ ಕೆಲಸವೂ ಅದರಲ್ಲೇ ಸೇರಲಿ, ಯಾರೂ ನೋಡದೆ ಬಿಟ್ಟದ್ದು ಏನು ಅಂತ ತೋರಿಸುವಷ್ಟು ಸಾಕು. ವಿಧಾನಕ್ಕೆ 6, ಫಲಿತಾಂಶಕ್ಕೆ 14, ಮಿತಿಗಳಿಗೆ 3. ಉಳಿದ 3 ನಿಮಿಷ ಪರೀಕ್ಷಕರ ವರದಿಯಲ್ಲಿರುವ ಆಕ್ಷೇಪಗಳಿಗೆ ಉತ್ತರ. ಅದನ್ನು ನೀವೇ ಮೊದಲು ಎತ್ತಿ.

ಫಲಿತಾಂಶದ ಕೋಷ್ಟಕಗಳನ್ನು ಹಾಗೇ ಅಂಟಿಸಬೇಡಿ. ಒಂದೇ ಗ್ರಾಫ್ ಸಾಕು: ಎಡಕ್ಕೆ ಸೆಪ್ಟೆಂಬರ್, ಬಲಕ್ಕೆ ಮೇ, ಅಡ್ಡಕ್ಕೆ ಕುಡಿಯುವ ನೀರಿನ ಕ್ಲೋರೈಡ್ ಮಿತಿ, ಲೀಟರಿಗೆ 250 ಮಿಲಿಗ್ರಾಂ ಗೆರೆ. ತಲೆಬರಹ 'ಫಲಿತಾಂಶ' ಅಂತ ಬೇಡ, ಹೊಳೆ ಬದಿಯ ಬಾವಿಗಳೇ ಮೊದಲು ಉಪ್ಪಾದವು ಎಂದಿದ್ದರೆ ಅದನ್ನೇ ಬರೆಯಿರಿ.

ಇನ್ನೊಬ್ಬರು: ನಿಮಿಷಕ್ಕೊಂದು ಸ್ಲೈಡ್, ಒಟ್ಟು 30. ಅಷ್ಟೇ ಲೆಕ್ಕ.

ನಿವೃತ್ತ ಗೈಡ್: ಎಲ್ಲದಕ್ಕೂ ಅದು ನಡೆಯುವುದಿಲ್ಲ ಮಾರಾಯ್ರೆ. ಬಾವಿಗಳ ನಕ್ಷೆಗೇ ಎರಡು ನಿಮಿಷ ಬೇಕು. 20ರೊಳಗೆ ಇಡಿ, ಉಳಿದದ್ದನ್ನು ಕೊನೆಯ ಸ್ಲೈಡಿನ ಹಿಂದೆ ಇಟ್ಟುಕೊಳ್ಳಿ, ಕೇಳಿದರೆ ತೆಗೆಯಬಹುದು.

ಎಂಬಿಎ ವಿದ್ಯಾರ್ಥಿ: ನನ್ನ ಪ್ರಾಜೆಕ್ಟಿಗೆ ಕಂಪನಿ ಪರಿಚಯವೇ ಹತ್ತು ಸ್ಲೈಡ್ ಇತ್ತು, ಯಾರೂ ಏನೂ ಅನ್ನಲಿಲ್ಲ.

ನಿವೃತ್ತ ಗೈಡ್: ಅಲ್ಲಿ ಕೇಳುವುದೇ ಬೇರೆ. ಇಲ್ಲಿ ಮೊದಲ ಪ್ರಶ್ನೆ ಬಹುಶಃ ಹೀಗಿರುತ್ತದೆ: ಈ ಕ್ಲೋರೈಡ್ ಸಮುದ್ರದ್ದೇ, ಶೌಚದ ಗುಂಡಿಯದ್ದಲ್ಲ ಎಂದು ಹೇಗೆ ಗೊತ್ತು? ನೈಟ್ರೇಟ್ ಕೂಡ ಜೊತೆಗೇ ಏರಿದ್ದರೆ ಗುಂಡಿಯ ಅನುಮಾನ ಬರುತ್ತದೆ. ಕ್ಲೋರೈಡ್ ಏರಿ, ಬೈಕಾರ್ಬನೇಟ್ ಅಷ್ಟೇ ಉಳಿದು, ನೈಟ್ರೇಟ್ ಕಡಿಮೆ ಇದ್ದರೆ ಸಮುದ್ರದ ಕಡೆಗೆ ಬಲ ಹೆಚ್ಚು. ಈ ಮೂರೂ ಒಂದೇ ಸ್ಲೈಡಿನಲ್ಲಿರಲಿ. ಎರಡನೆಯದು, ಉಪ್ಪುನೀರು ಹೊಳೆಯಲ್ಲಿ ಮೇಲೇರದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಮೇಲ್ಭಾಗದ ಬಾವಿಗಳಲ್ಲಿ ಬದಲಾವಣೆ ಇತ್ತಾ? ನಮ್ಮ ಕಡೆಯ ಪರೀಕ್ಷಕರು ಬಂದರೆ ಇದನ್ನು ಕೇಳದೆ ಬಿಡುವುದಿಲ್ಲ.

ಸಂಶೋಧಕಿ: ಹಲಗೆ ಹಾಕುವ ಮೊದಲಿನ ಅಳತೆ ನನ್ನ ಹತ್ತಿರ ಇಲ್ಲ ಸರ್. ನೈಟ್ರೇಟ್ ಇದೆ, ಆದರೆ ಎರಡು ಬಾವಿಗಳಲ್ಲಿ ಮೇ ತಿಂಗಳಲ್ಲಿ ಅದೂ ಏರಿದೆ.

ನಿವೃತ್ತ ಗೈಡ್: ಅಳತೆ ಇಲ್ಲ ಎಂದು ಮಿತಿಗಳ ಸ್ಲೈಡಿನಲ್ಲೇ ಬರೆಯಿರಿ, ಊಹಿಸಿ ಹೇಳಬೇಡಿ. ಆ ಎರಡು ಬಾವಿಗಳನ್ನು ಗ್ರಾಫಿನಿಂದ ತೆಗೆಯಬೇಡಿ, ಬೇರೆ ಬಣ್ಣ ಕೊಡಿ. ಎರಡೂ ಮೂಲಗಳು ಬೆರೆತಿರಬಹುದು. ಬ್ರೋಮೈಡ್ ಅಳೆಯದೆ ನನಗೂ ಇದಕ್ಕಿಂತ ಹೆಚ್ಚು ಹೇಳಲಿಕ್ಕೆ ಆಗುವುದಿಲ್ಲ.

ಇನ್ನೊಬ್ಬರು: ಅಷ್ಟೆಲ್ಲ ತೋರಿಸಿದರೆ ಮತ್ತೆ ತಿದ್ದಿ ತನ್ನಿ ಎಂದಾರು, ಅಲ್ವಾ?

ಸಂಶೋಧಕಿ: ಆ ಭಯ ನನಗೂ ಇದೆ. ಇವತ್ತು ರಾತ್ರಿ ನನ್ನ ಗೈಡ್ ಹತ್ತಿರ ಕೇಳಿ ಹೇಳುತ್ತೇನೆ.